ಒಡವೆ ಅಂಗಡಿಗೆ ಟ್ರಯಲ್ ಜಾಹೀರಾತಿನ ಮೇಲ್: ಅಕ್ಷಯ ತೃತೀಯ ಒಂದು ಬಿಟ್ಟು ಯಾವಾಗ ಬೇಕಾದರೂ ಕಳಿಸಿ

ಪ್ರಶ್ನೆ: ನಾನು ಫ್ರೀಲಾನ್ಸ್ ಆಗಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತು ಮಾಡ್ತೀನಿ. ನಮ್ಮೂರಿನ ಒಂದು ಒಡವೆ ಅಂಗಡಿಗೆ ಅಕ್ಷಯ ತೃತೀಯಕ್ಕೆ ಸಣ್ಣ ಟ್ರಯಲ್ ಕ್ಯಾಂಪೇನ್ ಮಾಡಿಕೊಡ್ತೀನಿ ಅಂತ ಮೇಲ್ ಹಾಕಬೇಕು. ಫ್ರೀ ಅಂತ ಬರೀಲಾ, ದುಡ್ಡು ಕೇಳಲಾ? ಯಾವ ರೀತಿ ಬರೆದರೆ ಒಪ್ತಾರೆ?

ಉತ್ತರ:

ಇದೇ ಮೇಲ್ ನಾನು 2023ರ ಮಾರ್ಚ್‌ನಲ್ಲಿ ಬರೆದಿದ್ದೆ. ಶಿವಮೊಗ್ಗದ ಗಾಂಧಿ ಬಜಾರ್ ಕಡೆಯ ಒಂದು ಅಂಗಡಿಗೆ. ಅವರು ಒಪ್ಪಿಯೂ ಬಿಟ್ಟರು. ನನ್ನ ಕಷ್ಟ ಶುರುವಾಗಿದ್ದೇ ಅಲ್ಲಿಂದ.

ಆ ಮೇಲ್‌ನಲ್ಲಿ ಎರಡು ವಾಕ್ಯ ಇತ್ತು, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ. ಒಂದು, "ಹಾಕಿದ ದುಡ್ಡಿಗೆ ಹತ್ತು ಪಟ್ಟು ರಿಟರ್ನ್." ಇನ್ನೊಂದು, "ಅಕ್ಷಯ ತೃತೀಯದ ವಾರದಲ್ಲೇ ಟ್ರಯಲ್ ಮಾಡೋಣ, ಅತಿ ಹೆಚ್ಚು ವ್ಯಾಪಾರ ಆಗುವ ಸಮಯ." ಮೊದಲನೆಯದಕ್ಕೆ ಯಜಮಾನರು ನಕ್ಕು ಬಿಟ್ಟರು. ಒಂದು ಲಕ್ಷದ ಸರ ಮಾರಿದರೆ ಅದರಲ್ಲಿ ಬಹುಪಾಲು ಚಿನ್ನದ ಬೆಲೆಯೇ. ಅಂಗಡಿಯವರಿಗೆ ಉಳಿಯುವುದು ವೇಸ್ಟೇಜ್, ಮೇಕಿಂಗ್ ಅಂತ ಹಾಕುವುದರಲ್ಲಿ. ಬಟ್ಟೆ ಅಂಗಡಿಯ ಹತ್ತು ಪಟ್ಟಿಗೂ ಒಡವೆ ಅಂಗಡಿಯ ಹತ್ತು ಪಟ್ಟಿಗೂ ಸಂಬಂಧವೇ ಇಲ್ಲ. ಅದು ನನಗೆ ಗೊತ್ತಿರಲಿಲ್ಲ. ಅವರು ನಕ್ಕು ಸುಮ್ಮನಾದರು, ಅಷ್ಟೆ.

ನನ್ನನ್ನು ಮುಳುಗಿಸಿದ್ದು ಎರಡನೆಯದು. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವೂ ಅದನ್ನೇ ಮಾಡಲು ಹೊರಟಿದ್ದೀರಿ.

ಆ ವರ್ಷ ಅಕ್ಷಯ ತೃತೀಯ ಏಪ್ರಿಲ್ 22, ಶನಿವಾರ. ಒಂದು ವಾರ ಜಾಹೀರಾತು ಓಡಿಸಿದೆ. ವಾಟ್ಸಾಪ್‌ಗೆ ನೂರಕ್ಕೂ ಹೆಚ್ಚು ಮೆಸೇಜ್ ಬಂತು. ಹಬ್ಬದ ದಿನ ಅಂಗಡಿಯಲ್ಲಿ ನಿಲ್ಲಲು ಜಾಗ ಇರಲಿಲ್ಲ. ನಾನು ಬೀಗುತ್ತಾ ಸೋಮವಾರ ಫೀಸ್ ಕೇಳಲು ಹೋದೆ. ಯಜಮಾನರು ಗಲ್ಲಾಪೆಟ್ಟಿಗೆ ಹಿಂದಿನಿಂದ ಒಂದೇ ಪ್ರಶ್ನೆ ಕೇಳಿದರು: "ಅವತ್ತು ನಾನು ಬಾಗಿಲು ತೆಗೆದು ದೀಪ ಹಚ್ಚಿದರೆ ಸಾಕು, ಜನ ಬರ್ತಾರೆ. ಅದರಲ್ಲಿ ನಿಮ್ಮಿಂದ ಬಂದವರು ಯಾರಪ್ಪಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಿಂದಿನ ವರ್ಷದ ವ್ಯಾಪಾರದ ಜೊತೆ ಹೋಲಿಸೋಣ ಅಂದೆ. ಅದೂ ಆಗಲಿಲ್ಲ. 2022ರ ಹಬ್ಬಕ್ಕಿಂತ ಚಿನ್ನದ ರೇಟ್ ತುಂಬಾ ಏರಿತ್ತು. ಅಷ್ಟೇ ಗ್ರಾಂ ಮಾರಿದರೂ ಬಿಲ್ ಮೊತ್ತ ಜಾಸ್ತಿ ತೋರಿಸುತ್ತೆ. ಜೊತೆಗೆ ಮೇ 10ಕ್ಕೆ ವಿಧಾನಸಭೆ ಚುನಾವಣೆ, ನೀತಿ ಸಂಹಿತೆ ಜಾರಿಯಲ್ಲಿತ್ತು. 50,000ಕ್ಕಿಂತ ಹೆಚ್ಚು ನಗದು ಇಟ್ಟುಕೊಂಡು ಚೆಕ್‌ಪೋಸ್ಟ್ ದಾಟಲು ಹಳ್ಳಿಯವರು ಹೆದರುತ್ತಿದ್ದರು. ಹೀಗಿರುವಾಗ ಹೋದ ವರ್ಷದ ಲೆಕ್ಕ ಇಟ್ಟುಕೊಂಡು ಏನು ಹೇಳುವುದು? ಮೆಸೇಜ್‌ಗಳನ್ನು ತೋರಿಸಿದೆ. ಅರ್ಧಕ್ಕರ್ಧ "ಇವತ್ತಿನ ರೇಟ್ ಎಷ್ಟು?", "ವೇಸ್ಟೇಜ್ ಎಷ್ಟು ಪರ್ಸೆಂಟ್?" ಅನ್ನುವವು. ಉತ್ತರ ಕೊಡಬೇಕಿದ್ದ ಹುಡುಗ ಹಬ್ಬದ ಗದ್ದಲದಲ್ಲಿ ಫೋನ್ ಮುಟ್ಟಿರಲೇ ಇಲ್ಲ. ಅದು ಅವನ ತಪ್ಪಲ್ಲ. ಅದು ಯಾರ ಕೆಲಸ ಅಂತ ನನ್ನ ಮೇಲ್‌ನಲ್ಲೇ ಬರೆದಿರಲಿಲ್ಲ.

ಅವರು ಮೋಸ ಮಾಡಲಿಲ್ಲ. ಜಾಹೀರಾತಿನ ದುಡ್ಡು ಕೊಟ್ಟರು, ನನ್ನ ಫೀಸಿನಲ್ಲಿ ಅರ್ಧ ಕೊಟ್ಟರು. ಆದರೆ ಆ ಬೀದಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಮುಂದಿನ ನಾಲ್ಕು ಅಂಗಡಿಯಲ್ಲಿ ನನಗೆ ಕಾಫಿ ಸಿಕ್ಕಿತು, ಕೆಲಸ ಸಿಗಲಿಲ್ಲ.

ಹಾಗಾಗಿ "ಹೇಗೆ ಬರೆದರೆ ಒಪ್ತಾರೆ" ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣಲ್ಲ. ಸಣ್ಣ ಮೊತ್ತಕ್ಕೆ ಒಪ್ಪಿಸುವುದು ಕಷ್ಟವೇ ಅಲ್ಲ. ಟ್ರಯಲ್ ಮುಗಿದ ಮೇಲೆ ಎಣಿಸಿ ತೋರಿಸಲು ಆಗುವಂಥದ್ದನ್ನು ಮೇಲ್‌ನಲ್ಲಿ ಬರೆಯುವುದು ಕಷ್ಟ. ಅಂಗಡಿ ತುಂಬಿರುವ ವಾರದಲ್ಲಿ, "ನಮ್ಮಲ್ಲಿ ಎಲ್ಲ ಒಡವೆ ಸಿಗುತ್ತೆ" ಅನ್ನುವ ಜಾಹೀರಾತಿನಲ್ಲಿ, ಅದು ಸಾಧ್ಯವೇ ಇಲ್ಲ.

ಮರುವರ್ಷ ಬೇರೆ ಅಂಗಡಿ. ಈ ಸಲ ಆಷಾಢ ಹಿಡಿದೆ. ಆಷಾಢದಲ್ಲಿ ಮದುವೆ ಇಲ್ಲ, ಅಂಗಡಿ ಖಾಲಿ, ಯಜಮಾನರಿಗೆ ಮೇಲ್ ಓದಲು ಪುರುಸೊತ್ತು. 2024ರಲ್ಲಿ ಆಗಸ್ಟ್ 16ಕ್ಕೆ ವರಮಹಾಲಕ್ಷ್ಮಿ ಹಬ್ಬ. ಕಲಶಕ್ಕೆ ಇಡುವ ಬೆಳ್ಳಿ ಮುಖವಾಡ ಒಂದನ್ನೇ ಆರಿಸಿಕೊಂಡೆ. ಚಿನ್ನ ಇಲ್ಲ, ಕಾಲ್ಗೆಜ್ಜೆ ಇಲ್ಲ, ದೀಪ ಇಲ್ಲ. ಒಂದು ವಸ್ತು, ಒಂದು ಜಾಹೀರಾತು, ಒಂದು ಹೊಸ ಸಿಮ್. ಜೂನ್ ಕೊನೆಗೆ ಕಳಿಸಿದ ಮೇಲ್ ಇದು, ಅಂಗಡಿ ಗುರುತು ಸಿಗುವ ಎರಡು ಸಾಲು ತೆಗೆದಿದ್ದೇನೆ:

"ವಿಷಯ: ವರಮಹಾಲಕ್ಷ್ಮಿ ಬೆಳ್ಳಿ ಮುಖವಾಡಕ್ಕೆ 10 ದಿನದ ಜಾಹೀರಾತು

ನಮಸ್ಕಾರ ಸರ್,

ಹೋದ ವಾರ ನಿಮ್ಮ ಅಂಗಡಿಗೆ ಬಂದಿದ್ದೆ. ಶೋಕೇಸಿನಲ್ಲಿದ್ದ ಬೆಳ್ಳಿ ಮುಖವಾಡಗಳು ನಿಮ್ಮ ಇನ್‌ಸ್ಟಾಗ್ರಾಂನಲ್ಲಿ ಒಂದೂ ಇಲ್ಲ. ಅವುಗಳಿಗೆ ಮಾತ್ರ ಜುಲೈ 19ರಿಂದ 28ರವರೆಗೆ ಜಾಹೀರಾತು ಮಾಡಿ ನೋಡೋಣವೇ?

ದಿನಕ್ಕೆ 500 ರೂಪಾಯಿಯಂತೆ 5,000, ಅದರ ಮೇಲೆ ಜಿಎಸ್‌ಟಿ 900. ಈ 5,900 ನಿಮ್ಮದೇ ಖಾತೆಯಿಂದ ನೇರ ಹೋಗುತ್ತದೆ, ನನ್ನ ಕೈಗೆ ಬರುವುದಿಲ್ಲ. ಜಾಹೀರಾತು ಖಾತೆಯೂ ನಿಮ್ಮ ಹೆಸರಿನಲ್ಲೇ ಇರುತ್ತದೆ. ನನ್ನ ಫೀಸ್ 4,000, ಅರ್ಧ ಮೊದಲು, ಅರ್ಧ ಲೆಕ್ಕ ಕೊಟ್ಟ ಮೇಲೆ.

ಜಾಹೀರಾತು ನೋಡಿದವರು ಹೊಸ ನಂಬರಿಗೆ ವಾಟ್ಸಾಪ್ ಮಾಡುತ್ತಾರೆ. ಆ ಮೆಸೇಜ್ ಅಂಗಡಿಯಲ್ಲಿ ತೋರಿಸಿದವರಿಗೆ ಅರಿಶಿನ ಕುಂಕುಮದ ಜೊತೆ ಒಂದು ಬ್ಲೌಸ್ ಪೀಸ್. ಕೌಂಟರ್‌ನಲ್ಲಿ ಒಂದು ಪುಸ್ತಕ ಇಟ್ಟು ದಿನಾಂಕ, ಫೋನಿನ ಕೊನೆಯ ನಾಲ್ಕು ಅಂಕಿ, ಬಿಲ್ ಮೊತ್ತ ಬರೆಯಬೇಕು. ಪುಸ್ತಕದಲ್ಲಿ ಇಲ್ಲದ ಗಿರಾಕಿಯನ್ನು ನಾನು ನನ್ನ ಲೆಕ್ಕಕ್ಕೆ ಸೇರಿಸಿಕೊಳ್ಳುವುದಿಲ್ಲ.

ನಿಮ್ಮಿಂದ ಬೇಕಾದ್ದು ಎರಡು: ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ಮೆಸೇಜ್‌ಗೆ ಉತ್ತರ ಕೊಡುವ ಒಬ್ಬರು, ಮತ್ತು ಆರು ಮುಖವಾಡಗಳ ತೂಕ, ಅಂದಾಜು ಬೆಲೆ.

ಎಷ್ಟು ಮಾರಾಟ ಆಗುತ್ತದೆ ಎಂದು ನಾನು ಭರವಸೆ ಕೊಡುವುದಿಲ್ಲ. ಐದನೇ ದಿನದ ಹೊತ್ತಿಗೆ ಒಬ್ಬರೂ ಅಂಗಡಿಗೆ ಬರದಿದ್ದರೆ ನಿಲ್ಲಿಸೋಣ. ಉಳಿದ ದುಡ್ಡು ಖರ್ಚಾಗುವುದಿಲ್ಲ."

ಇಷ್ಟೇ. ನನ್ನ ಅನುಭವ, ಸರ್ಟಿಫಿಕೇಟ್, ಹಳೇ ಕ್ಲೈಂಟ್ ಪಟ್ಟಿ ಏನೂ ಇಲ್ಲ.

ಯಜಮಾನರು ಒಂದೇ ತಿದ್ದುಪಡಿ ಹೇಳಿದರು. ಆಷಾಢದಲ್ಲಿ ಬೆಳ್ಳಿ ಮನೆಗೆ ತರಲ್ಲ ಅನ್ನುವವರು ಇರ್ತಾರೆ, ಅವರು ಅಡ್ವಾನ್ಸ್ ಕೊಟ್ಟು ಬುಕ್ ಮಾಡಲಿ, ಶ್ರಾವಣದಲ್ಲಿ ಒಯ್ಯಲಿ. ಆದರೆ ರೇಟ್ ಒಯ್ಯುವ ದಿನದ್ದು. ಇದನ್ನು ಜಾಹೀರಾತಿನಲ್ಲೇ ಹಾಕಿ ಅಂದರು. ನನಗೆ ಅದು ಬೇಡದ ಸಾಲು ಅನ್ನಿಸಿತ್ತು. ಆದರೂ ಹಾಕಿದೆ.

ಜುಲೈ 23ಕ್ಕೆ ಕೇಂದ್ರ ಬಜೆಟ್ ಬಂತು. ಚಿನ್ನ, ಬೆಳ್ಳಿಯ ಆಮದು ಸುಂಕ ಶೇ. 15ರಿಂದ 6ಕ್ಕೆ ಇಳಿಯಿತು. ರೇಟ್ ಧಡ್ ಅಂತ ಬಿತ್ತು. ಖಾಲಿ ಇರಬೇಕಿದ್ದ ಅಂಗಡಿಗೆ ಆಷಾಢದಲ್ಲೇ ಜನ ನುಗ್ಗಿದರು. ನನ್ನ ಎದೆ ಧಸಕ್ ಅಂತು: ಮತ್ತೆ ಅದೇ ಕಥೆ, ಮತ್ತೆ "ನಿಮ್ಮಿಂದ ಬಂದವರು ಯಾರಪ್ಪಾ". ಆದರೆ ಈ ಸಲ ಪುಸ್ತಕ ಇತ್ತು. ಚಿನ್ನಕ್ಕೆ ಬಂದವರು ಚಿನ್ನಕ್ಕೆ ಬಂದರು. ಮೆಸೇಜ್ ತೋರಿಸಿ ಬ್ಲೌಸ್ ಪೀಸ್ ತಗೊಂಡವರು ಬೇರೆ ಸಾಲಿನಲ್ಲಿ ಇದ್ದರು. ಬಜೆಟ್‌ಗೆ ಮುಂಚೆ ಬುಕ್ ಮಾಡಿದ್ದ ಮೂವರು ರೇಟ್ ವಿಷಯಕ್ಕೆ ಜಗಳಕ್ಕೆ ಬರಲಿಲ್ಲ, ಯಜಮಾನರ ಆ ಒಂದು ಸಾಲಿನಿಂದ.

ಹತ್ತು ದಿನಕ್ಕೆ 83 ಮೆಸೇಜ್. ಅಂಗಡಿಗೆ ಬಂದು ಮೆಸೇಜ್ ತೋರಿಸಿದವರು 17. ಅದರಲ್ಲಿ 11 ಜನ ತಗೊಂಡರು ಅಥವಾ ಬುಕ್ ಮಾಡಿದರು. ಒಟ್ಟು ಬಿಲ್ ಸುಮಾರು 74,000. ಅವರ ಖರ್ಚು ನನ್ನ ಫೀಸೂ ಸೇರಿ 9,900. ಲಾಭ ಎಷ್ಟು ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೆಳ್ಳಿಯ ಬೆಲೆ ಕಳೆದರೆ ಖರ್ಚು ಪೂರ್ತಿ ಹುಟ್ಟಿತೋ ಇಲ್ಲವೋ, ನನಗೆ ಅನುಮಾನವೇ. ಆದರೂ ಅವರು ಪುಸ್ತಕ ತಿರುವಿ ಹಾಕಿ, "ಇದರಲ್ಲಿ ಎಂಟು ಜನ ನನಗೆ ಹೊಸಬರು, ಭದ್ರಾವತಿ ಕಡೆಯವರೇ ನಾಲ್ಕು ಜನ" ಅಂದರು. ಒಡವೆ ಅಂಗಡಿಯವರಿಗೆ ಹೊಸ ಮನೆಯ ಗುರುತು ಅಂದರೆ ಮುಂದೊಂದು ಮದುವೆಯ ಆರ್ಡರ್. ಆ ಲೆಕ್ಕ ಅವರಿಗೆ ಗೊತ್ತು, ನಾನು ಮೇಲ್‌ನಲ್ಲಿ ಬರೆದು ತೋರಿಸುವ ಅಗತ್ಯವೇ ಇರಲಿಲ್ಲ. ದೀಪಾವಳಿಗೆ ಅವರೇ ಫೋನ್ ಮಾಡಿದರು.

ಒಂದು ಅಡ್ಡ ಮಾತು. ದಿನಕ್ಕೆ 500 ರೂಪಾಯಿ ಇಟ್ಟುಕೊಂಡು ಅದನ್ನು ಮದುವೆ ವಯಸ್ಸಿನವರು, ಗೃಹಿಣಿಯರು, ಸರ್ಕಾರಿ ನೌಕರರು ಅಂತ ಮೂರು ಪಾಲು ಮಾಡಬೇಡಿ. ಯಾರು ಮೆಸೇಜ್ ಮಾಡ್ತಾರೆ ಅಂತ ಫೇಸ್‌ಬುಕ್ ಕಲಿಯುವುದಕ್ಕೆ ವಾರಕ್ಕೆ ಸುಮಾರು 50 ಮೆಸೇಜ್ ಬೇಕು. ಮೂರು ಪಾಲಾದರೆ ಯಾವುದೂ ಅಲ್ಲಿಗೆ ಮುಟ್ಟಲ್ಲ. ನಾನು ಅಂಗಡಿ ಸುತ್ತ 25 ಕಿಲೋಮೀಟರ್, 25 ವರ್ಷ ಮೇಲ್ಪಟ್ಟ ಹೆಂಗಸರು ಅಂತ ಒಂದೇ ಗುಂಪು ಇಟ್ಟಿದ್ದೆ.

ಇನ್ನು ಫ್ರೀ ವಿಷಯ. ಬೇಡ. ನನ್ನ ಅಭಿಪ್ರಾಯ ಇದರಲ್ಲಿ ಗಟ್ಟಿ. ಫ್ರೀ ಅಂದರೆ ಅವರು ಪುಸ್ತಕ ಬರೆಯಲ್ಲ, ಹುಡುಗನನ್ನು ಫೋನ್ ಮುಂದೆ ಕೂರಿಸಲ್ಲ. ದುಡ್ಡು ಹೋಗಿದೆ ಅಂದಾಗಲೇ ರಾತ್ರಿ ಅಂಗಡಿ ಮುಚ್ಚುವ ಮುಂಚೆ "ಇವತ್ತು ಎಷ್ಟು ಜನ ಬಂದರು" ಅಂತ ಕೇಳ್ತಾರೆ. ಫೀಸ್ ಕಡಿಮೆ ಇಡಿ, ಸೊನ್ನೆ ಇಡಬೇಡಿ.

ಮತ್ತೆ, ಮೇಲ್ ಒಂದನ್ನೇ ನಂಬಿ ಕೂರಬೇಡಿ. ಅಂಗಡಿ ಬೋರ್ಡ್ ಮೇಲಿರುವ ಮೇಲ್ ಐಡಿ ಬಹಳ ಸಲ ಅಕೌಂಟ್ಸ್ ನೋಡುವವರದ್ದು. ಮೊದಲು ಒಂದು ಸಲ ಹೋಗಿ ಬನ್ನಿ, ಆಮೇಲೆ ಕಳಿಸಿ. ಮರುದಿನ ಅದನ್ನೇ ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದುಕೊಂಡು ಬೆಳಿಗ್ಗೆ ಪೂಜೆ ಮುಗಿದ ಮೇಲೆ, ಗಿರಾಕಿ ಬರುವ ಮುಂಚೆ ಹೋಗಿ. ಶುಕ್ರವಾರ ಬಿಟ್ಟು.