ಮೇಲ್ಮೈ ಲೆಕ್ಕದಲ್ಲಿ dx ಬಿಟ್ಟು ds ಯಾಕೆ?

ಪ್ರಶ್ನೆ: ವಕ್ರರೇಖೆಯನ್ನು x-ಅಕ್ಷದ ಸುತ್ತ ತಿರುಗಿಸಿದಾಗ ಘನಫಲಕ್ಕೆ πy² dx ಹಾಕಿದರೆ ಉತ್ತರ ಸರಿ ಬರುತ್ತದೆ. ಮೇಲ್ಮೈಗೆ 2πy dx ಹಾಕಿದರೆ ತಪ್ಪು, ds ಬೇಕು ಅನ್ನುತ್ತಾರೆ. dx ಹೇಗೂ ಸೊನ್ನೆಯ ಕಡೆಗೇ ಹೋಗುತ್ತದಲ್ಲ, ಓರೆಯಾಗಿದ್ದರೇನು, ನೇರವಾಗಿದ್ದರೇನು?
— ಬಿಎಸ್ಸಿ ವಿದ್ಯಾರ್ಥಿನಿ, ಹಾವೇರಿ

ಉತ್ತರ: ಒಂದು ತಗಡಿನ ಲಾಳಿಕೆ ತೆಗೆದುಕೊಳ್ಳೋಣ. ಬಾಯಿಯ ತ್ರಿಜ್ಯ 3 ಇಂಚು, ಎತ್ತರ 4 ಇಂಚು, ಕೆಳಗಿನ ಕೊಳವೆ ಸದ್ಯಕ್ಕೆ ಬೇಡ. ಓರೆ ಎತ್ತರ 5 ಇಂಚು. ಶಾಲೆಯ ಸೂತ್ರದಂತೆ ಅದರ ವಕ್ರ ಮೇಲ್ಮೈ πrl = 15π, ಅಂದರೆ ಸುಮಾರು 47.1 ಚದರ ಇಂಚು. ಈಗ y = 3x/4 ಎಂಬ ರೇಖೆಯನ್ನು 0ದಿಂದ 4ರವರೆಗೆ ತಿರುಗಿಸಿ 2πy dx ಅನುಕಲಿಸಿ ನೋಡಿ: 12π, ಅಂದರೆ 37.7. ಮೂರು π ಕಡಿಮೆ.

ಪಟ್ಟಿಗಳನ್ನು ಇನ್ನೂ ಸಣ್ಣದು ಮಾಡಿದರೆ ಈ ಕೊರತೆ ತುಂಬೀತೇ? ಎತ್ತರವನ್ನು n ಭಾಗ ಮಾಡಿ. ಪ್ರತಿ ಪಟ್ಟಿಯ ಅಗಲ 4/n, ಅದರ ಓರೆ ಉದ್ದ 5/n. ಓರೆಯ ಬದಲು ಅಗಲ ಹಿಡಿದರೆ ಪಟ್ಟಿಯೊಂದಕ್ಕೆ 1/n ಇಂಚು ಕೈಬಿಡುತ್ತದೆ. ಅಂಥ ಪಟ್ಟಿಗಳು n ಇವೆ, ಹಾಗಾಗಿ ಒಟ್ಟು ಕೈಬಿಟ್ಟದ್ದು 1 ಇಂಚು. n ಹತ್ತಾದರೂ ಅಷ್ಟೇ, ಹತ್ತು ಲಕ್ಷವಾದರೂ ಅಷ್ಟೇ. dx ಮತ್ತು ds ಎರಡೂ ಸೊನ್ನೆಗೆ ಹೋಗುತ್ತವೆ ನಿಜ, ಆದರೆ ಅವುಗಳ ಅನುಪಾತ 5/4 ಆಗಿಯೇ ಉಳಿಯುತ್ತದೆ. ಪ್ರಶ್ನೆಯ ಗಂಟು ಇರುವುದು ಇಲ್ಲೇ.

ಘನಫಲದಲ್ಲಿ ಹೀಗಾಗುವುದಿಲ್ಲ. ಅಲ್ಲಿ ನಾವು ಬಿಡುವುದು ಬಿಲ್ಲೆಯ ಅಂಚಿನಲ್ಲಿರುವ ತ್ರಿಕೋನಾಕಾರದ ಸಣ್ಣ ಉಂಗುರವನ್ನು. ಅದರ ಅಗಲವೂ ಸಣ್ಣದು, ದಪ್ಪವೂ ಸಣ್ಣದು, ಗುಣಿಸಿದರೆ 1/n² ಮಟ್ಟದ್ದು. ಅಂಥವು n ಸೇರಿದರೂ ಒಟ್ಟು 1/n ಮಟ್ಟದಲ್ಲೇ ಇರುತ್ತದೆ, n ಬೆಳೆದಂತೆ ಕರಗಿ ಹೋಗುತ್ತದೆ. ಇದೇ ಲಾಳಿಕೆಗೆ ಹೊರಬಿಲ್ಲೆಗಳ ಮತ್ತು ಒಳಬಿಲ್ಲೆಗಳ ಮೊತ್ತಗಳ ವ್ಯತ್ಯಾಸ ಸರಿಯಾಗಿ 36π/n. ನಿಜವಾದ ಘನಫಲ ಇವೆರಡರ ನಡುವೆ ಸಿಕ್ಕಿಕೊಳ್ಳುತ್ತದೆ. ಮೇಲ್ಮೈಯನ್ನು ಹಾಗೆ ಎರಡರ ನಡುವೆ ಹಿಡಿಯಲಾಗದು. ಬಿಲ್ಲೆಗಳ ಮೆಟ್ಟಿಲಿನ ಅಡ್ಡ ಉಂಗುರಗಳನ್ನೂ (ಒಟ್ಟು 9π) ಲೆಕ್ಕಕ್ಕೆ ಹಿಡಿದರೆ 12π ಇದ್ದದ್ದು 21πಗೆ ಏರುತ್ತದೆ. ಬಿಟ್ಟರೆ ಕಡಿಮೆ, ಹಿಡಿದರೆ ಹೆಚ್ಚು. 15π ಎರಡರಲ್ಲೂ ಇಲ್ಲ.

ಸರಿಯಾದ ತುಣುಕು ಸಿಲಿಂಡರ್ ಅಲ್ಲ, ಶಂಕುವಿನ ಭಿನ್ನಕ. ಅದರ ವಕ್ರ ಮೇಲ್ಮೈ π(r₁ + r₂)l, ಇಲ್ಲಿ l ಓರೆ ಉದ್ದ. ಪಟ್ಟಿ ಸಣ್ಣದಾದಂತೆ r₁, r₂ ಎರಡೂ yಗೆ ಹತ್ತಿರವಾಗುತ್ತವೆ, l ಎಂಬುದು ds ಆಗುತ್ತದೆ:

S = ∫ 2πy ds, ds = √(1 + (dy/dx)²) dx

ನಮ್ಮ ರೇಖೆಗೆ dy/dx = 3/4, ವರ್ಗಮೂಲ 5/4. 12πಯನ್ನು 5/4ರಿಂದ ಗುಣಿಸಿದರೆ 15π.

ಹುಬ್ಬಳ್ಳಿಯಲ್ಲಿ ತಗಡಿನ ಕೆಲಸ ಮಾಡುವವರು ಲಾಳಿಕೆಗೆ ಗುರುತು ಹಾಕುವಾಗ ಕೈವಾರವನ್ನು ಓರೆ ಎತ್ತರಕ್ಕೇ ತೆರೆಯಬೇಕು. ಈ ಅಳತೆಗೆ 5 ಇಂಚು ತ್ರಿಜ್ಯದ ವೃತ್ತದಲ್ಲಿ 216° ಭಾಗ, ಜೋಡಣೆಯ ಮಡಿಕೆಗೆ ಬೇಕಾದ ಅಂಚು ಬೇರೆ. ಯಾರಾದರೂ ಎತ್ತರವನ್ನೇ ಹಿಡಿದು 4 ಇಂಚಿಗೆ ತೆರೆದರೆ, ಬಾಯಿ ಸರಿಹೊಂದಲು 270° ಬೇಕಾಗುತ್ತದೆ. ಆ ತಗಡಿನ ವಿಸ್ತೀರ್ಣ ಸರಿಯಾಗಿ 12π! ಸುತ್ತಿ ಬೆಸೆದರೆ ಬಾಯಿ 3 ಇಂಚೇ ಬರುತ್ತದೆ, ಎತ್ತರ ಮಾತ್ರ √7, ಅಂದರೆ ಸುಮಾರು 2.65 ಇಂಚಿಗೆ ನಿಲ್ಲುತ್ತದೆ. ತಪ್ಪು ಸೂತ್ರ ಕೊಟ್ಟದ್ದು ಬೇರೊಂದು ಗಿಡ್ಡ ಲಾಳಿಕೆಯ ಮೇಲ್ಮೈಯನ್ನು.

ರೇಖೆ ಬಾಗಿದ್ದರೆ ಅನುಪಾತ ಎಲ್ಲೆಡೆ ಒಂದೇ ಇರುವುದಿಲ್ಲ, ಆದ್ದರಿಂದ ವರ್ಗಮೂಲವನ್ನು ಅನುಕಲನದ ಹೊರಗೆ ತರುವಂತಿಲ್ಲ. ಗೋಳಕ್ಕೆ y = √(R² − x²); ಇಲ್ಲಿ 2πy dx ಹಾಕಿದರೆ π²R² ಬರುತ್ತದೆ, ಸರಿಯಾದದ್ದು 4πR². ds ಹಾಕಿದಾಗ y ds = R dx ಆಗಿ ಸರಳವಾಗುತ್ತದೆ. ಇದನ್ನು ಕಂಡು "ಗೋಳಕ್ಕೆ dx ಸಾಕಲ್ಲ" ಎಂದುಕೊಳ್ಳುವವರು ಅನೇಕರು. ಸಾಕಾಗಿಲ್ಲ: dx ಪಕ್ಕದಲ್ಲಿ ಈಗ ಇರುವುದು R, y ಅಲ್ಲ. ಓರೆಯ ಪಾಲು ಅದರೊಳಗೇ ಸೇರಿಹೋಗಿದೆ.

y-ಅಕ್ಷದ ಸುತ್ತ ತಿರುಗಿಸಿದರೆ 2πx ds ಬರೆಯಿರಿ. ಬದಲಾಗುವುದು ಅಕ್ಷದಿಂದ ಇರುವ ದೂರ, ds ಅದೇ.

ಬರೆದ ಸೂತ್ರದ ಬಗ್ಗೆ ಅನುಮಾನ ಬಂದರೆ ಅದನ್ನು ಸಿಲಿಂಡರ್ ಮೇಲೆ ಪರೀಕ್ಷಿಸಬೇಡಿ. ಅಲ್ಲಿ ಇಳಿಜಾರು ಸೊನ್ನೆ, dx ಮತ್ತು ds ಒಂದೇ, ತಪ್ಪು ಅಡಗಿಕೊಳ್ಳುತ್ತದೆ. x-ಅಕ್ಷದಿಂದ ನೆಟ್ಟಗೆ ಮೇಲೇಳುವ r ಉದ್ದದ ಗೆರೆಯನ್ನು ತಿರುಗಿಸಿ. ಅದು ಚಪ್ಪಟೆ ತಟ್ಟೆ, ವಿಸ್ತೀರ್ಣ πr². ಅಲ್ಲಿ dx ಸೊನ್ನೆ, ಆದ್ದರಿಂದ 2πy dx ಕೊಡುವ ಉತ್ತರವೂ ಸೊನ್ನೆ. ds ಅಂದರೆ dy ಎಂದಿಟ್ಟು 0ದಿಂದ rವರೆಗೆ 2πy dy ಅನುಕಲಿಸಿದರೆ πr² ಬಂದುಬಿಡುತ್ತದೆ.