0.528 ಥ್ರೋಟ್‌ನ ಲೆಕ್ಕ, ಹೊರತುದಿಯದಲ್ಲ

ಪ್ರಶ್ನೆ: ನನ್ನ ನಾಝಲ್‌ಗೆ 10 ಬಾರ್, 300 ಕೆಲ್ವಿನ್ ಗಾಳಿ ಬರುತ್ತದೆ. ಥ್ರೋಟ್ 1 ಚದರ ಸೆಂ.ಮೀ., ಹೊರತುದಿ 2 ಚದರ ಸೆಂ.ಮೀ. ಹೊರಗಿನ ಒತ್ತಡ 8 ಬಾರ್. ಅನುಪಾತ 0.8, ಅಂದರೆ 0.528ಕ್ಕಿಂತ ಜಾಸ್ತಿ. ಚೋಕ್ ಆಗಿಲ್ಲ ಅಲ್ವಾ?

ಆಗಿದೆ. ಅಂಕಿ ಬದಲಾಯಿಸಿಕೊಂಡು ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಹಾಗಾಗಿ ಈ ಸಲ ಬಹುಪಾಲು ಜಾಗ ಇದಕ್ಕೇ.

ಥ್ರೋಟ್‌ನಲ್ಲಿ ಮ್ಯಾಕ್ 1 ಇದ್ದಾಗ ಅಲ್ಲಿನ ಒತ್ತಡ ಒಳಗಿನ ಒತ್ತಡದ 0.528 ಪಾಲು ಇರುತ್ತದೆ. ಅಷ್ಟೇ ಅದರ ಅರ್ಥ. ಬರೀ ಕಿರಿದಾಗುವ ನಾಝಲ್‌ನಲ್ಲಿ ಥ್ರೋಟೇ ಹೊರತುದಿ, ಆದ್ದರಿಂದ ಹೊರಗಿನ ಒತ್ತಡವನ್ನು ಈ ಅಂಕಿಯ ಜೊತೆ ಹೋಲಿಸಬಹುದು. ನಿಮ್ಮದರಲ್ಲಿ ಥ್ರೋಟ್ ಆದಮೇಲೆ ಅಗಲವಾಗುವ ಭಾಗ ಇದೆ. ಅಲ್ಲಿ ಸಬ್‌ಸಾನಿಕ್ ಗಾಳಿ ನಿಧಾನವಾಗುತ್ತಾ ಕಳೆದುಕೊಂಡ ಒತ್ತಡವನ್ನು ವಾಪಸ್ ಪಡೆಯುತ್ತದೆ. ಥ್ರೋಟ್‌ನಲ್ಲಿ 5.28 ಬಾರ್‌ಗೆ ಇಳಿದದ್ದು, ವಿಸ್ತೀರ್ಣ ಎರಡು ಪಟ್ಟಾಗುವಷ್ಟರಲ್ಲಿ 9.37 ಬಾರ್‌ಗೆ ಏರಬಲ್ಲದು. ಅಂದರೆ ನಿಮ್ಮ ನಾಝಲ್ ಚೋಕ್ ಆಗಲು ಹೊರಗೆ 9.37 ಬಾರ್ ಇದ್ದರೂ ಸಾಕು. ನೀವು ಅದಕ್ಕಿಂತ ಎಷ್ಟೋ ಕೆಳಗೆ, 8ರಲ್ಲಿ ಇದ್ದೀರಿ.

ನಂಬಿಕೆ ಬರದಿದ್ದರೆ ನಿಮ್ಮ ದಾರಿಯಲ್ಲೇ ಹೋಗೋಣ. ಎಲ್ಲವೂ ಐಸೆಂಟ್ರೋಪಿಕ್ ಎಂದುಕೊಂಡು 0.8ಕ್ಕೆ ಟೇಬಲ್ ನೋಡಿ. ಹೊರತುದಿಯಲ್ಲಿ ಮ್ಯಾಕ್ 0.574 ಬರುತ್ತದೆ. ಆ ಮ್ಯಾಕ್‌ಗೆ ವಿಸ್ತೀರ್ಣದ ಅನುಪಾತ 1.22. ಹೊರತುದಿ 2 ಚದರ ಸೆಂ.ಮೀ. ಆದರೆ ಆ ಹರಿವಿಗೆ ಕನಿಷ್ಠ 1.64 ಚದರ ಸೆಂ.ಮೀ. ಥ್ರೋಟ್ ಬೇಕು. ನಿಮ್ಮ ಹತ್ತಿರ ಇರುವುದು 1. ಉತ್ತರ ತಪ್ಪು ಎಂದು ಟೇಬಲ್ಲೇ ಹೇಳುತ್ತಿದೆ, ಆದರೆ ಆ ಎರಡನೇ ಕಾಲಂ ಯಾರೂ ನೋಡುವುದಿಲ್ಲ.

ಹಾಗಾದರೆ ಒಳಗೆ ನಡೆಯುತ್ತಿರುವುದೇನು? ಗಾಳಿ ಥ್ರೋಟ್ ದಾಟಿ ಸೂಪರ್‌ಸಾನಿಕ್ ಆಗುತ್ತದೆ. ವಿಸ್ತೀರ್ಣ ಸುಮಾರು 1.3 ಚದರ ಸೆಂ.ಮೀ. ಆಗುವ ಜಾಗದವರೆಗೆ ವೇಗ ಏರುತ್ತಾ ಮ್ಯಾಕ್ 1.65 ಮುಟ್ಟುತ್ತದೆ, ಒತ್ತಡ 2.2 ಬಾರ್‌ಗೆ ಇಳಿಯುತ್ತದೆ. ಅಲ್ಲಿ ಒಂದು ನಾರ್ಮಲ್ ಶಾಕ್ ನಿಂತಿರುತ್ತದೆ. ಅದನ್ನು ದಾಟಿದ ಕೂಡಲೇ ಒತ್ತಡ ಸುಮಾರು 6.6 ಬಾರ್‌ಗೆ ಜಿಗಿಯುತ್ತದೆ. ಅಲ್ಲಿಂದ ಮುಂದೆ ಹರಿವು ಸಬ್‌ಸಾನಿಕ್, ನಿಧಾನವಾಗುತ್ತಾ 8 ಬಾರ್‌ಗೆ ಬಂದು ಮ್ಯಾಕ್ 0.36ರಲ್ಲಿ ಹೊರಬೀಳುತ್ತದೆ. ಶಾಕ್‌ನ ಆಚೆ ಈಚೆ ಐಸೆಂಟ್ರೋಪಿಕ್ ಲೆಕ್ಕ ನಡೆಯುತ್ತದೆ, ಶಾಕ್ ಒಳಗೆ ನಡೆಯುವುದಿಲ್ಲ. ಸ್ಟ್ಯಾಗ್ನೇಶನ್ ಒತ್ತಡ ಅಲ್ಲಿ 10ರಿಂದ 8.74 ಬಾರ್‌ಗೆ ಬೀಳುತ್ತದೆ. ಹೊರತುದಿಗೆ ಟೇಬಲ್ ನೋಡುವಾಗ 8ನ್ನು ಭಾಗಿಸಬೇಕಾದದ್ದು ಈ 8.74ರಿಂದ, 10ರಿಂದ ಅಲ್ಲ.

ಹೊರಗಿನ ಒತ್ತಡವನ್ನು ಇನ್ನೂ ಇಳಿಸಿದರೆ ಶಾಕ್ ಹೊರತುದಿಯ ಕಡೆಗೆ ಸರಿಯುತ್ತದೆ. 5.13 ಬಾರ್‌ನಲ್ಲಿ ಹೊರತುದಿಗೆ ಬಂದು ನಿಲ್ಲುತ್ತದೆ. ಅದಕ್ಕೂ ಕೆಳಗೆ ಶಾಕ್‌ಗಳು ಓರೆಯಾಗಿ ನಾಝಲ್‌ನ ಹೊರಗೆ ಹೋಗುತ್ತವೆ. 0.94 ಬಾರ್‌ಗೆ ಬಂದರೆ ಶಾಕ್ ಎಲ್ಲೂ ಇಲ್ಲ, ಹೊರತುದಿಯಲ್ಲಿ ಮ್ಯಾಕ್ 2.2. ಇಷ್ಟೂ ಹೊತ್ತು ಹರಿವು ಮಾತ್ರ ಸೆಕೆಂಡಿಗೆ 0.233 ಕಿಲೋ, ಒಂದು ಗ್ರಾಂ ಕೂಡ ಜಾಸ್ತಿಯಾಗುವುದಿಲ್ಲ. ಚೋಕ್ ಎಂದರೆ ಇದೇ.

ರಿಗ್‌ನಲ್ಲಿ ಪರೀಕ್ಷಿಸುವುದಾದರೆ ಥ್ರೋಟ್ ನಂತರದ ಗೋಡೆಯಲ್ಲಿ ಮೂರು ನಾಲ್ಕು ಒತ್ತಡದ ರಂಧ್ರ ಕೊರೆಸಿ. ಥ್ರೋಟ್ ದಾಟಿದ ಮೇಲೂ ಒತ್ತಡ ಇಳಿಯುತ್ತಿದ್ದರೆ ಗಾಳಿ ಸೂಪರ್‌ಸಾನಿಕ್ ಆಗಿದೆ. ಪುಸ್ತಕದ ಚಿತ್ರದಲ್ಲಿರುವಂತೆ ನೆಟ್ಟಗಿನ ಜಿಗಿತ ಮಾತ್ರ ಹುಡುಕಬೇಡಿ. ಗೋಡೆಯ ಪಕ್ಕದ ಬೌಂಡರಿ ಲೇಯರ್ ಶಾಕ್‌ನ ಬುಡದಲ್ಲಿ ದಪ್ಪವಾಗಿ, ಕೆಲವೊಮ್ಮೆ ಗೋಡೆ ಬಿಟ್ಟು, ಆ ಜಿಗಿತವನ್ನು ಇಳಿಜಾರಿನಂತೆ ಹರಡುತ್ತದೆ. ಇದೇ ಕಾರಣಕ್ಕೆ 9.37 ಎಂಬ ಗಡಿಯ ಪಕ್ಕದಲ್ಲೇ ಯಾವುದನ್ನೂ ಡಿಸೈನ್ ಮಾಡಬೇಡಿ. ಘರ್ಷಣೆ ಇದ್ದ ಮೇಲೆ ನಿಜವಾದ ಗಡಿ ಅದಕ್ಕಿಂತ ಕೆಳಗೇ ಇರುತ್ತದೆ.

ಪ್ರಶ್ನೆ: ಚೋಕ್ ಆದಮೇಲೆ ಹರಿವು ಏನು ಮಾಡಿದರೂ ಹೆಚ್ಚುವುದಿಲ್ಲವಂತೆ, ಹೌದಾ?

ಒಳಗಿನ ಒತ್ತಡ ಎರಡು ಪಟ್ಟು ಮಾಡಿ ನೋಡಿ, ಹರಿವೂ ಎರಡು ಪಟ್ಟಾಗುತ್ತದೆ.

ಪ್ರಶ್ನೆ: ಮ್ಯಾಕ್ 1 ಎಂದರೆ ಥ್ರೋಟ್‌ನಲ್ಲಿ ವೇಗ 347 ಮೀಟರ್ ತಾನೇ?

ಅದು 300 ಕೆಲ್ವಿನ್ ನಿಶ್ಚಲ ಗಾಳಿಯಲ್ಲಿ ಶಬ್ದದ ವೇಗ. ಥ್ರೋಟ್ ಮುಟ್ಟುವಾಗ ಗಾಳಿ 250 ಕೆಲ್ವಿನ್‌ಗೆ ತಣ್ಣಗಾಗಿರುತ್ತದೆ, ವೇಗ ಸೆಕೆಂಡಿಗೆ 317 ಮೀಟರ್.

ಪ್ರಶ್ನೆ: ಯಾವ ಪೈಪಿನ ತುದಿಗಾದರೂ ಅಗಲವಾಗುವ ಕೋನ್ ಹಾಕಿದರೆ ಸೂಪರ್‌ಸಾನಿಕ್ ಆಗುತ್ತದೆ ಎಂದು ವಿಡಿಯೋದಲ್ಲಿ ತೋರಿಸಿದರು. ನಿಜವೇ?

ಸುಳ್ಳು. ಥ್ರೋಟ್‌ನಲ್ಲಿ ಮ್ಯಾಕ್ 1 ಮುಟ್ಟದಿದ್ದರೆ ಆ ಕೋನ್ ಗಾಳಿಯನ್ನು ನಿಧಾನ ಮಾಡುತ್ತದೆ. ಅಂಥವರು ಕೋನ್ ಮಾರಲು ಬಂದರೆ ಗೋಡೆಯ ಒತ್ತಡದ ಅಳತೆ ತೋರಿಸಿ ಎನ್ನಿ.

ಪ್ರಶ್ನೆ: ಗೇಜ್ ತೋರಿಸಿದ ಒತ್ತಡವನ್ನೇ ಟೇಬಲ್‌ಗೆ ಹಾಕಬಹುದಾ?

ಬೇಡ. ಮೊದಲು ವಾತಾವರಣದ ಒತ್ತಡ ಕೂಡಿಸಿ.