20 ಅಂಕದ ಟೆಸ್ಟಿಗೆ ಅಂಕ ಹಂಚುವುದು

"ಎಸ್ಸೆಸ್ಸೆಲ್ಸಿ ಗಣಿತಕ್ಕೆ ಮನೇಲೇ 20 ಅಂಕದ ಟೆಸ್ಟ್ ಮಾಡ್ಕೋತೀನಿ. ಯಾವ ಪಾಠಕ್ಕೆ ಎಷ್ಟು ಇಡಲಿ? ಕೊನೇ ಉತ್ತರ ತಪ್ಪಾದ್ರೆ ಸೊನ್ನೆನಾ?"

ಲಿಖಿತ ಪರೀಕ್ಷೆ 80 ಅಂಕದ್ದು. ಹಾಗಾಗಿ ನೀಲನಕ್ಷೆಯಲ್ಲಿ ಪಾಠಕ್ಕಿರುವ ಅಂಕವನ್ನು 4ರಿಂದ ಭಾಗಿಸಿ. 8 ಇದ್ದರೆ 2. ಮುಕ್ಕಾಲು ಬಂದರೆ 1 ಅಂಕದ ಪ್ರಶ್ನೆ ಇಡಿ, ಹೆಚ್ಚಾದದ್ದನ್ನು ದೊಡ್ಡ ಪಾಠದಲ್ಲಿ ಕಳೆಯಿರಿ.

ಸೊನ್ನೆ ಖಂಡಿತ ಬೇಡ, ಹಂತಕ್ಕೆ ಅಂಕ ಕೊಡಿ. x² − 5x + 6 = 0 ಬಿಡಿಸಲು 2 ಅಂಕ ಎಂದಿಟ್ಟುಕೊಳ್ಳಿ:

```
x² − 3x − 2x + 6 = 0      ½
x(x − 3) − 2(x − 3) = 0   ½
(x − 3)(x − 2) = 0        ½
x = 3 ಅಥವಾ x = 2          ½
```

ಕೊನೆಯಲ್ಲಿ −3, −2 ಎಂದು ಬರೆದಿದ್ದರೆ ಹೋಗುವುದು ಅರ್ಧ ಅಂಕ ಮಾತ್ರ. ಹಂತಗಳಿಲ್ಲದೆ ಬರೀ 3, 2 ಎಂದಿದ್ದರೆ ಸಿಗುವುದೂ ಅರ್ಧವೇ. ಈ ಅಂಕಪಟ್ಟಿಯನ್ನು ಟೆಸ್ಟಿಗೆ ಮೊದಲೇ ಬರೆದಿಡಿ. ಆಮೇಲೆ ಬರೆದರೆ, ಬಿಟ್ಟ ಹಂತಕ್ಕೂ "ಗೊತ್ತಿತ್ತಲ್ಲ" ಅಂತ ಕೈ ತಾನಾಗಿ ಅಂಕ ಹಾಕಿಬಿಡುತ್ತದೆ.